ಫೋನು, ಡೆಬಿಟ್ ಕಾರ್ಡು ಒಟ್ಟಿಗೇ ಕಳೆದರೆ: ಮೊದಲ ಒಂದು ತಾಸಿನಲ್ಲಿ ಯಾವುದಾದ ಮೇಲೆ ಯಾವುದು

ಫೋನು ಕಳೆದವರು ಸಾಮಾನ್ಯವಾಗಿ ಮೊದಲು ತಮ್ಮದೇ ನಂಬರಿಗೆ ಮತ್ತೆ ಮತ್ತೆ ರಿಂಗ್ ಕೊಡುತ್ತಾರೆ. ಆಮೇಲೆ ಪೊಲೀಸ್ ಠಾಣೆ ಎಲ್ಲಿದೆ ಎಂದು ಕೇಳುತ್ತ ಹೊರಡುತ್ತಾರೆ. ಬ್ಯಾಂಕಿನ ನೆನಪಾಗುವಷ್ಟರಲ್ಲಿ ಸಂಜೆಯಾಗಿರುತ್ತದೆ, ನಾಳೆ ಬಾಗಿಲು ತೆರೆದ ಮೇಲೆ ಹೋದರಾಯಿತು ಎಂದು ಸುಮ್ಮನಾಗುತ್ತಾರೆ. ಹಣ ಹೋಗುವುದು ಈ ನಡುವಿನ ಹೊತ್ತಿನಲ್ಲಿ. ಮಾಡಬೇಕಾದ ಕೆಲಸಗಳು ಹೆಚ್ಚಿನವರಿಗೆ ಗೊತ್ತಿರುತ್ತವೆ, ಎಡವುವುದು ಅವುಗಳ ಕ್ರಮದಲ್ಲಿ.

ಇಲ್ಲಿ ಎಲ್ಲಕ್ಕಿಂತ ಕೆಟ್ಟ ಸಂದರ್ಭವನ್ನೇ ತೆಗೆದುಕೊಂಡಿದ್ದೇವೆ: ಫೋನಿನ ಹಿಂದಿನ ಕವರಿನೊಳಗೆ ಡೆಬಿಟ್ ಕಾರ್ಡು ಸಿಕ್ಕಿಸಿಟ್ಟಿದ್ದು, ಎರಡೂ ಒಟ್ಟಿಗೇ ಹೋಗಿವೆ. ಇದಕ್ಕೆ ತಯಾರಿದ್ದವರಿಗೆ ಬರೀ ಕಾರ್ಡು ಅಥವಾ ಬರೀ ಫೋನು ಕಳೆದರೆ ಅರ್ಧ ಕೆಲಸ ಅಷ್ಟೆ.

ಎರಡೂ ಒಟ್ಟಿಗೆ ಹೋದರೆ ಯಾಕೆ ಅಪಾಯ

ಫೋನಿಗೆ ಸ್ಕ್ರೀನ್ ಲಾಕ್ ಇದೆ, ಯುಪಿಐಗೆ ಪಿನ್ ಇದೆ, ಯಾರೇನು ಮಾಡಿಯಾರು ಎಂದು ಧೈರ್ಯ ತಂದುಕೊಳ್ಳುವವರು ಬಹಳ. ಆದರೆ ಕಳ್ಳನಿಗೆ ನಿಮ್ಮ ಫೋನಿನ ಲಾಕ್ ತೆಗೆಯುವ ಅಗತ್ಯವೇ ಇಲ್ಲ. ಸಣ್ಣ ಪಿನ್ನಿನಿಂದ ಸಿಮ್ ಹೊರತೆಗೆದು ಬೇರೆ ಫೋನಿಗೆ ಹಾಕಿದರೆ ಸಾಕು, ನಿಮ್ಮ ನಂಬರ್ ಅಲ್ಲಿ ಚಾಲೂ ಆಗುತ್ತದೆ. ಸಿಮ್ಮಿಗೆ ಪ್ರತ್ಯೇಕ ಪಿನ್ ಲಾಕ್ ಹಾಕಿಟ್ಟವರು ತೀರಾ ಕಡಿಮೆ. ಆ ಫೋನಿನಲ್ಲಿ ಹೊಸದಾಗಿ ಯುಪಿಐ ಆ್ಯಪ್ ಹಾಕಿದರೆ, ಅದು ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ ನಿಮ್ಮ ಬ್ಯಾಂಕ್ ಖಾತೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಯುಪಿಐ ಪಿನ್ ಹೊಸದಾಗಿ ಇಡಲು ಬೇಕಾಗುವುದು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು-ವರ್ಷ, ಮತ್ತು ಒಂದು ಒಟಿಪಿ. ಅಂಕಿಗಳು ಕಾರ್ಡಿನ ಮೇಲೇ ಇವೆ, ಒಟಿಪಿ ಬರುವುದು ಅದೇ ಸಿಮ್ಮಿಗೆ. ಕೆಲವು ಬ್ಯಾಂಕುಗಳು ಇದರ ಜೊತೆ ಎಟಿಎಂ ಪಿನ್ನನ್ನೂ ಕೇಳುತ್ತವೆ, ಆದರೆ ನಿಮ್ಮ ಬ್ಯಾಂಕು ಕೇಳುತ್ತದೆ ಎಂದು ನಂಬಿ ಕೂರುವ ಹೊತ್ತು ಇದಲ್ಲ.

ಕಾರ್ಡಿನಿಂದ ಇನ್ನೊಂದು ದಾರಿಯೂ ಇದೆ. ಕಾರ್ಡಿನ ಮೇಲೆ ವೈಫೈಯಂಥ ಅಲೆಗಳ ಗುರುತಿದ್ದರೆ, ಅಂಗಡಿಯ ಯಂತ್ರಕ್ಕೆ ತಾಗಿಸಿದರೆ ಸಾಕು, 5,000 ರೂಪಾಯಿವರೆಗೆ ಪಿನ್ ಇಲ್ಲದೆ ಹಣ ಹೋಗುತ್ತದೆ. 2021ರ ಜನವರಿ 1ರಿಂದ ಈ ಮಿತಿ 2,000ದಿಂದ 5,000ಕ್ಕೆ ಏರಿದೆ. ಇದು ಒಂದು ಸಲದ ಮಿತಿ. ಕಳ್ಳ ಎರಡನೇ ಅಂಗಡಿಗೂ ಹೋಗಬಲ್ಲ.

ಹೀಗಾಗಿ ಬಂದ್ ಮಾಡಬೇಕಾದ ಬಾಗಿಲು ಮೂರು: ಸಿಮ್, ಕಾರ್ಡು, ಯುಪಿಐ. ಒಂದನ್ನು ಬಂದ್ ಮಾಡಿದರೆ ಇನ್ನೊಂದು ತಾನಾಗಿ ಬಂದ್ ಆಗುವುದಿಲ್ಲ. ಯುಪಿಐ ನಂಟು ಇರುವುದು ಖಾತೆಯೊಂದಿಗೆ, ಕಾರ್ಡಿನೊಂದಿಗಲ್ಲ. ಕಾರ್ಡ್ ಬ್ಲಾಕ್ ಮಾಡಿಸಿ ನಿಶ್ಚಿಂತರಾದವರ ಹಣ ಯುಪಿಐನಲ್ಲಿ ಹೋಗುವುದು ಇದಕ್ಕೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ

ರೋಣ ತಾಲೂಕಿನ ಒಬ್ಬ ರೈತರು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ್ದಾರೆ ಎಂದುಕೊಳ್ಳಿ. ಖಾತೆಗೆ 1,84,000 ರೂಪಾಯಿ ಜಮಾ ಆಗಿದೆ. ಊರಿಗೆ ಮರಳುವಾಗ ಹಾವೇರಿ ಬಸ್ ನಿಲ್ದಾಣದಲ್ಲಿ, ಸಂಜೆ 5.40ಕ್ಕೆ, ಅಂಗಿ ಜೇಬು ಮುಟ್ಟಿ ನೋಡಿದರೆ ಫೋನಿಲ್ಲ. ಕಾರ್ಡು ಅದರ ಕವರಿನಲ್ಲಿದೆ. ಬ್ಯಾಂಕಿನ ವ್ಯವಹಾರದ ವೇಳೆ ಮುಗಿದಿದೆ. ಜೊತೆಗೆ ಅಣ್ಣನ ಮಗ ಇದ್ದಾನೆ, ಅವನ ಹತ್ತಿರ ಒಂದು ಫೋನಿದೆ. ಪಾಸ್‌ಬುಕ್ ಊರಿನ ಮನೆಯಲ್ಲಿದೆ. ಮುಂದಿನ ಹಂತಗಳನ್ನು ಇವರೊಂದಿಗೇ ನೋಡುತ್ತ ಹೋಗೋಣ.

ಹಂತ 1: ಒಂದೇ ರಿಂಗ್, ಒಂದು ಹಾಳೆ, ಎರಡು ಫೋನು (5.40 ರಿಂದ 5.45)

ಕಳೆದ ನಂಬರಿಗೆ ಒಂದು ಸಲ ಕರೆ ಮಾಡಿ. ಸ್ವಿಚ್ ಆಫ್ ಎಂದು ಬಂದರೆ, ಅಥವಾ ರಿಂಗ್ ಆಗುತ್ತಿದ್ದಾಗಲೇ ಕಟ್ ಆದರೆ, ಅಲ್ಲಿಗೆ ಆ ಪ್ರಯತ್ನ ಮುಗಿಯಿತು. ಬ್ಯಾಟರಿ ತುಂಬಿದ್ದ ಫೋನು ಹತ್ತು ನಿಮಿಷದಲ್ಲಿ ಸ್ವಿಚ್ ಆಫ್ ಆಗಿದ್ದರೆ ಅದು ಬಿದ್ದು ಹೋದದ್ದಲ್ಲ, ಯಾರೋ ಬೇಕೆಂದೇ ಆಫ್ ಮಾಡಿದ್ದಾರೆ ಎಂದೇ ತಿಳಿಯಿರಿ. ಕಂಡಕ್ಟರೋ ಅಂಗಡಿಯವರೋ ಎತ್ತಿಕೊಂಡು ಮಾತಾಡಿ, ಹತ್ತಿರದಲ್ಲೇ ಇದ್ದರೆ ಹೋಗಿ ತೆಗೆದುಕೊಳ್ಳಿ. ಆದರೆ ಯಾರಾದರೂ ಎತ್ತಿ, "ಫೋನ್ ನನ್ನ ಹತ್ರಾನ ಐತ್ರಿ, ಒಂದು ನಂಬರ್ ಬರ್ತೈತಿ, ಹೇಳ್ರಿ" ಎಂದರೆ ಅದು ಒಟಿಪಿ. ಫೋನ್ ಇಟ್ಟು ಎರಡನೇ ಹಂತಕ್ಕೆ ಹೋಗಿ.

ಎರಡು ಫೋನು ಹೊಂದಿಸಿಕೊಳ್ಳಿ. ಪರಿಚಯದವರು ಇಲ್ಲದಿದ್ದರೆ ಬಸ್ ನಿಲ್ದಾಣದ ಕಂಟ್ರೋಲರ್ ಕೋಣೆ, ಔಷಧಿ ಅಂಗಡಿ, ಕ್ಯಾಂಟೀನು ಇಂಥಲ್ಲಿ ಕೇಳಿ. "ಅಣ್ಣಾರ, ಫೋನ್ ಕಳದೈತ್ರಿ, ಬ್ಯಾಂಕಿಗೆ ಹಚ್ಚಬೇಕು" ಎಂದರೆ ನಮ್ಮ ಕಡೆ ಇಲ್ಲ ಎನ್ನುವವರು ಕಡಿಮೆ. ಆಗುವುದಾದರೆ ನಿಮ್ಮದೇ ಕಂಪನಿಯ ಸಿಮ್ ಇರುವ ಫೋನು ಕೇಳಿ, ಅದರ ಉಪಯೋಗ ಮುಂದೆ ಇದೆ. ಪರರ ಫೋನಿನಿಂದ ಕರೆ ಮಾತ್ರ ಮಾಡಿ. ಅದರಲ್ಲಿ ನಿಮ್ಮ ನೆಟ್ ಬ್ಯಾಂಕಿಂಗಿಗೆ ಲಾಗಿನ್ ಆಗಬೇಡಿ.

ಪೆನ್ನು, ಹಾಳೆ ಇರಲಿ, ಬಸ್ ಟಿಕೆಟಿನ ಹಿಂಭಾಗವಾದರೂ ಸರಿ. ಪ್ರತಿ ಕರೆಗೂ ಮೂರು ವಿಷಯ ಬರೆಯಬೇಕು: ಎಷ್ಟು ಹೊತ್ತಿಗೆ ಮಾಡಿದಿರಿ, ಯಾವ ನಂಬರಿಗೆ, ಅವರು ಕೊಟ್ಟ ದೂರು ಸಂಖ್ಯೆ ಏನು. ಹಣ ಮರಳಿ ಕೇಳುವಾಗ ನಿಮ್ಮ ಕೈಯಲ್ಲಿರುವ ಆಧಾರ ಇದೇ.

ಹಂತ 2: ಸಿಮ್ ಬಂದ್ ಮಾಡಿಸಿ (5.45 ರಿಂದ 5.52)

ಬ್ಯಾಂಕಿಗಿಂತ ಮೊದಲು ಸಿಮ್ ಯಾಕೆ ಎಂದು ಬಹಳ ಮಂದಿ ಕೇಳುತ್ತಾರೆ. ಒಬ್ಬರಿಗೆ ಎರಡು-ಮೂರು ಬ್ಯಾಂಕಿನಲ್ಲಿ ಖಾತೆ ಇರುವುದು ಈಗ ಸಾಮಾನ್ಯ, ಎಲ್ಲಕ್ಕೂ ಒಂದೇ ನಂಬರ್. ಒಂದೊಂದು ಬ್ಯಾಂಕಿನ ಗುರುತು ಪರೀಕ್ಷೆ ಮುಗಿಯಲು ಹತ್ತು ನಿಮಿಷ ಬೇಕು. ಸಿಮ್ ಬಂದ್ ಆದರೆ ಒಂದೇ ಕರೆಯಲ್ಲಿ ಎಲ್ಲ ಬ್ಯಾಂಕಿನ ಒಟಿಪಿಯೂ ನಿಂತುಹೋಗುತ್ತದೆ. ಇದ್ದ ಒಂದೇ ಫೋನಿನಿಂದ ಒಂದೇ ಕರೆ ಮಾಡುವ ಅವಕಾಶವಿದ್ದರೂ ಅದು ಸಿಮ್ಮಿಗೇ ಹೋಗಲಿ.

ಜಿಯೋ ಆದರೆ ಯಾವುದೇ ಫೋನಿನಿಂದ 1800 889 9999. ಬಿಎಸ್‌ಎನ್‌ಎಲ್ ಆದರೆ 1800 180 1503. ಏರ್‌ಟೆಲ್ ಮತ್ತು ವಿಐ ಸಿಮ್ ಆಗಿದ್ದರೆ, ಅದೇ ಕಂಪನಿಯ ಸಿಮ್ ಇರುವ ಇನ್ನೊಬ್ಬರ ಫೋನಿನಿಂದ 198ಕ್ಕೆ ಹಚ್ಚುವುದು ಸುಲಭ. ಸಿಮ್ ಯಾರ ಹೆಸರಿನಲ್ಲಿದೆ, ಹುಟ್ಟಿದ ದಿನಾಂಕ, ವಿಳಾಸ, ಕೊನೆಯ ರೀಚಾರ್ಜ್ ಎಷ್ಟರದು ಇಂಥ ಪ್ರಶ್ನೆ ಕೇಳುತ್ತಾರೆ.

ಇಲ್ಲಿಯೇ ಹಲವರು ಸಿಕ್ಕಿಬೀಳುತ್ತಾರೆ. ಸಿಮ್ ಮಗನ ಹೆಸರಿನಲ್ಲಿರುತ್ತದೆ, ಅಥವಾ ಹತ್ತು ವರ್ಷದ ಹಿಂದೆ ಸಿಮ್ ಕೊಡಿಸಿದ ಅಳಿಯನ ಹೆಸರಿನಲ್ಲಿ. ಆಗ ನಿಮ್ಮ ಹೆಸರು, ಹುಟ್ಟಿದ ದಿನ ಹೇಳಿದರೆ ತಾಳೆ ಬೀಳುವುದಿಲ್ಲ. ಯಾರ ಹೆಸರಿದೆಯೋ ಅವರಿಂದಲೇ ಕರೆ ಮಾಡಿಸಿ. ಫೋನಿನಲ್ಲಿ ಎರಡು ಸಿಮ್ ಇದ್ದರೆ ಮೊದಲು ಬ್ಯಾಂಕಿಗೆ ಕೊಟ್ಟಿರುವ ನಂಬರ್, ಆಮೇಲೆ ಇನ್ನೊಂದು.

ಬಂದ್ ಆಯಿತೋ ಇಲ್ಲವೋ ಎಂದು ತಿಳಿಯಲು ಐದು ನಿಮಿಷ ಬಿಟ್ಟು ಆ ನಂಬರಿಗೆ ಒಂದು ಕರೆ ಮಾಡಿ. ಸ್ವಿಚ್ ಆಫ್ ಎಂದೇ ಬರುತ್ತಿದ್ದರೆ ನಂಬಬೇಡಿ, ಕಸ್ಟಮರ್ ಕೇರಿನವರಿಂದಲೇ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ.

ಇದೇ ಹೊತ್ತಿಗೆ, ಎರಡನೆಯವರ ಕೈಯಲ್ಲಿ: ಫೋನಿಗೆ ಲಾಕ್

ಇದಕ್ಕೆ ಬೇರೆ ಹಂತದ ಸಂಖ್ಯೆ ಕೊಟ್ಟಿಲ್ಲ, ಯಾಕೆಂದರೆ ಇದಕ್ಕಾಗಿ ಸಿಮ್ ಬಂದ್ ಮಾಡುವುದನ್ನು ಒಂದು ನಿಮಿಷವೂ ತಡೆಹಿಡಿಯಬಾರದು. ಸಿಮ್ ಬಂದ್ ಆದ ಕೂಡಲೇ ಫೋನಿನ ಇಂಟರ್ನೆಟ್ ಹೋಗುತ್ತದೆ, ಮ್ಯಾಪಿನಲ್ಲಿ ಅದು ಎಲ್ಲಿದೆ ಎಂದು ಕಾಣುವುದು ನಿಲ್ಲಬಹುದು. ಫೋನ್ ಹುಡುಕುವ ಆಸೆಗೆ ಸಿಮ್ ಚಾಲೂ ಬಿಟ್ಟವರಿದ್ದಾರೆ. ಹದಿನೈದು ಸಾವಿರದ ಫೋನಿಗಾಗಿ ಲಕ್ಷದ ಖಾತೆ ತೆರೆದಿಡುವುದು ನಮ್ಮ ಲೆಕ್ಕದಲ್ಲಿ ಸರಿಯಲ್ಲ.

ಜೊತೆಗಿರುವವರು ತಮ್ಮ ಫೋನಿನ ಬ್ರೌಸರಿನಲ್ಲಿ, ಇನ್‌ಕಾಗ್ನಿಟೊ ಪುಟದಲ್ಲಿ, ಆಂಡ್ರಾಯ್ಡ್ ಆದರೆ google.com/android/find ತೆರೆದು ನಿಮ್ಮ ಜಿಮೇಲ್ ಮತ್ತು ಪಾಸ್‌ವರ್ಡ್ ಹಾಕಲಿ. ಅಲ್ಲಿ ಫೋನನ್ನು ಲಾಕ್ ಮಾಡುವ ಆಯ್ಕೆ ಇದೆ, ಅದನ್ನು ಒತ್ತಿ. ಐಫೋನ್ ಆದರೆ icloud.com/find. ಎಲ್ಲವನ್ನೂ ಅಳಿಸಿಬಿಡುವ ಆಯ್ಕೆಯೂ ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ ಅದನ್ನು ಒತ್ತಿದ ಮೇಲೆ ಫೋನು ಮ್ಯಾಪಿನಲ್ಲಿ ಸಿಗುವುದಿಲ್ಲ. ಹಾಗಾಗಿ ಮೊದಲ ತಾಸಿನಲ್ಲಿ ಲಾಕ್ ಸಾಕು. ಜಿಮೇಲ್ ಒಟಿಪಿ ಕೇಳಿ, ಆ ಒಟಿಪಿ ಕಳೆದ ಫೋನಿಗೇ ಹೋಗುತ್ತಿದ್ದರೆ ಈ ಕೆಲಸ ಅಲ್ಲಿಗೇ ಬಿಟ್ಟು ಬ್ಯಾಂಕಿನ ಕೆಲಸಕ್ಕೆ ಸೇರಿಕೊಳ್ಳಿ.

ಹಂತ 3: ಬ್ಯಾಂಕಿಗೆ ಕರೆ (5.52 ರಿಂದ 6.08)

ಖಾತೆ ಸಂಖ್ಯೆ ಬಾಯಿಪಾಠ ಇರುವವರು ವಿರಳ. ನಮ್ಮ ಉದಾಹರಣೆಯ ರೈತರು ಮನೆಗೆ ಹಚ್ಚಿ ಹೆಂಡತಿಗೆ ಹೇಳುತ್ತಾರೆ: "ಟ್ರಂಕಿನ್ಯಾಗ ಪಾಸ್‌ಬುಕ್ ಐತಿ, ಮೊದಲನೇ ಹಾಳಿ ತಗದು ಅಕೌಂಟ್ ನಂಬರ್ ನಿಧಾನಕ ಓದು." ಪಾಸ್‌ಬುಕ್ಕಿನ ಫೋಟೊ ಹೊಡೆದು ಪರರ ಫೋನಿಗೆ ಕಳಿಸಲು ಹೇಳಬೇಡಿ, ಓದಿಸಿ ಬರೆದುಕೊಳ್ಳಿ. ಫೋಟೊ ಆ ಫೋನಿನಲ್ಲೇ ಉಳಿಯುತ್ತದೆ.

ಬ್ಯಾಂಕಿನ ನಂಬರ್ ಎಲ್ಲಿಂದ ತರಬೇಕು ಎನ್ನುವುದು ಈ ಹಂತದ ಅತಿ ಸೂಕ್ಷ್ಮ ಜಾಗ. ಗೂಗಲ್ಲಿನಲ್ಲಿ ಬ್ಯಾಂಕಿನ ಹೆಸರು, ಕಸ್ಟಮರ್ ಕೇರ್ ಎಂದು ಹಾಕಿ ಮೊದಲು ಕಂಡ ನಂಬರಿಗೆ ಹಚ್ಚುವವರು ನೇರ ವಂಚಕರ ಕೈಗೆ ಬೀಳುತ್ತಾರೆ. ಹತ್ತಂಕಿಯ ಮೊಬೈಲ್ ನಂಬರ್ ಆಗಿದ್ದರೆ, ಎಟಿಎಂ ಪಿನ್ ಅಥವಾ ಒಟಿಪಿ ಕೇಳಿದರೆ, ಒಂದು ಆ್ಯಪ್ ಹಾಕಿಕೊಳ್ಳಿ ಎಂದರೆ, ಅದು ಬ್ಯಾಂಕಲ್ಲ. ಕಾರ್ಡ್ ಬಂದ್ ಮಾಡಲು ಯಾವ ಬ್ಯಾಂಕೂ ಪಿನ್ ಕೇಳುವುದಿಲ್ಲ. ಸ್ಟೇಟ್ ಬ್ಯಾಂಕಿನದು 1800 1234, ಕೆನರಾ ಬ್ಯಾಂಕಿನದು 1800 1030, ಎಚ್‌ಡಿಎಫ್‌ಸಿಯದು 1800 1600. ಉಳಿದವರು ಬ್ಯಾಂಕಿನ ಅಧಿಕೃತ ವೆಬ್‌ಸೈಟಿನಲ್ಲಿ, ಅಥವಾ ಮನೆಯಲ್ಲಿ ಅದೇ ಬ್ಯಾಂಕಿನ ಇನ್ನೊಬ್ಬರ ಕಾರ್ಡು ಇದ್ದರೆ ಅದರ ಹಿಂಭಾಗದಲ್ಲಿ ನೋಡಿ.

ಹಳೆಯ ಪಾಸ್‌ಬುಕ್ಕಿನ ಮೇಲಿನ ನಂಬರ್ ನಮ್ಮ ಕಡೆ ವಿಶೇಷವಾಗಿ ಕೈಕೊಡುತ್ತದೆ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾದೊಳಗೆ ಸೇರಿತು. ಧಾರವಾಡದಲ್ಲಿ ಕೇಂದ್ರ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಇನ್ನೊಂದು ಗ್ರಾಮೀಣ ಬ್ಯಾಂಕಿನೊಂದಿಗೆ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಈ ಬ್ಯಾಂಕುಗಳ ಹಳೆಯ ಪಾಸ್‌ಬುಕ್ಕುಗಳು ಇನ್ನೂ ಮನೆಮನೆಯಲ್ಲಿವೆ. ಇವತ್ತೇ, ಏನೂ ಕಳೆಯದಿರುವಾಗಲೇ, ಶಾಖೆಯಲ್ಲಿ ಈಗಿನ ನಂಬರ್ ಕೇಳಿ ಆ ಪಾಸ್‌ಬುಕ್ಕಿನ ಮೇಲೆ ಬರೆದಿಡಿ.

ಕರೆ ತಾಗಿದ ಮೇಲೆ ಭಾಷೆ ಆರಿಸಲು ಹೇಳುತ್ತದೆ, ಕನ್ನಡ ಇದ್ದರೆ ಅದನ್ನೇ ಒತ್ತಿ. ಕಾರ್ಡ್ ಕಳೆದಿದ್ದರೆ ಇದನ್ನು ಒತ್ತಿ ಎಂಬ ಆಯ್ಕೆ ಮೊದಲಿನಲ್ಲೇ ಬರುತ್ತದೆ. ಮನುಷ್ಯರೊಡನೆಯೇ ಮಾತಾಡಬೇಕು ಎಂದು ಹತ್ತು ನಿಮಿಷ ಸಂಗೀತ ಕೇಳುತ್ತ ಕಾಯುವ ಬದಲು, ಮೊದಲು ಈ ಆಯ್ಕೆಯಿಂದ ಕಾರ್ಡ್ ಬಂದ್ ಮಾಡಿಬಿಡಿ. ಆಮೇಲೆ ಅಧಿಕಾರಿಯ ಸಾಲಿಗೆ ನಿಲ್ಲಿ. ಸ್ಟೇಟ್ ಬ್ಯಾಂಕಿನಲ್ಲಿ 567676ಕ್ಕೆ ಎಸ್ಸೆಮ್ಮೆಸ್ ಕಳಿಸಿ ಕಾರ್ಡ್ ಬಂದ್ ಮಾಡುವ ಸೌಲಭ್ಯವಿದೆ, ಆದರೆ ಅದು ನೋಂದಾಯಿತ ನಂಬರಿನಿಂದಲೇ ಹೋಗಬೇಕು. ಸಿಮ್ಮೇ ಕಳೆದಾಗ ಅದರಿಂದ ಪ್ರಯೋಜನವಿಲ್ಲ. ಮಿಸ್ಡ್ ಕಾಲ್ ಕೊಟ್ಟು ಬ್ಯಾಲೆನ್ಸ್ ನೋಡುವುದೂ ಹಾಗೆಯೇ.

ಅಧಿಕಾರಿ ಸಿಕ್ಕಾಗ "ಕಾರ್ಡ್ ಕಳೆದಿದೆ" ಎಂದಷ್ಟೇ ಹೇಳಿದರೆ ಅವರು ಕಾರ್ಡನ್ನಷ್ಟೇ ಬಂದ್ ಮಾಡಿ ಮುಗಿಸುತ್ತಾರೆ. ಹೀಗೆ ಹೇಳಿ:

"ನಮಸ್ಕಾರ ರೀ. ನನ್ನ ಫೋನು, ಡೆಬಿಟ್ ಕಾರ್ಡು ಎರಡೂ ಕಳದಾವು. ಕಾರ್ಡ್ ಕಾಯಂ ಬ್ಲಾಕ್ ಮಾಡ್ರಿ. ಯುಪಿಐ, ಮೊಬೈಲ್ ಬ್ಯಾಂಕಿಂಗ್, ನೆಟ್ ಬ್ಯಾಂಕಿಂಗ್ ಮೂರೂ ಬಂದ್ ಮಾಡ್ರಿ. ಖಾತೆಯಿಂದ ಹಣ ಹೊರಗ ಹೋಗದಂಗ ಡೆಬಿಟ್ ಫ್ರೀಜ್ ಹಾಕ್ರಿ. ಕೊನೇ ಐದು ವ್ಯವಹಾರ ಓದಿ ಹೇಳ್ರಿ. ದೂರಿನ ನಂಬರ್ ಕೊಡ್ರಿ."

ಡೆಬಿಟ್ ಫ್ರೀಜ್ ಎಂದರೆ ಖಾತೆಗೆ ಹಣ ಬರಬಹುದು, ಹೊರಗೆ ಹೋಗುವಂತಿಲ್ಲ. ಮೂರೂ ಬಾಗಿಲು ಒಮ್ಮೆಗೇ ಮುಚ್ಚುವ ಕೀಲಿ ಇದು. ಇದರಿಂದ ಸಾಲದ ಕಂತು, ವಿಮೆಯ ಕಂತು ತಾನಾಗಿ ಕಡಿತವಾಗುವುದೂ ನಿಲ್ಲುತ್ತದೆ ಎನ್ನುವುದು ನೆನಪಿರಲಿ. ಎರಡು ದಿನದಲ್ಲಿ ಕಂತು ಇದ್ದರೆ ಮರುದಿನವೇ ಶಾಖೆಗೆ ಹೋಗಿ ತೆಗೆಸಬೇಕು. ದೂರವಾಣಿಯಲ್ಲಿ ಫ್ರೀಜ್ ಹಾಕಲು ಬರುವುದಿಲ್ಲ ಎಂದರೆ, ಉಳಿದ ನಾಲ್ಕನ್ನು ಒಂದೊಂದಾಗಿ ಬಂದ್ ಮಾಡಿಸಿ, ಪ್ರತಿಯೊಂದಕ್ಕೂ "ಆಯ್ತೇನ್ರಿ" ಎಂದು ಕೇಳಿ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಎಸ್ಸೆಮ್ಮೆಸ್ ಕಳಿಸುತ್ತೇವೆ ಎಂದು ಅವರು ಹೇಳಬಹುದು. ಅದು ಹೋಗುವುದು ಬಂದ್ ಆದ ನಂಬರಿಗೆ. ದೂರು ಸಂಖ್ಯೆಯನ್ನು ಬಾಯಲ್ಲಿ ಹೇಳಿಸಿ, ತಿರುಗಿ ಓದಿ ಹೇಳಿ.

ಸಣ್ಣ ಪಟ್ಟಣ ಸಹಕಾರಿ ಬ್ಯಾಂಕಿನಲ್ಲಿ ಖಾತೆ ಇದ್ದು, ರಾತ್ರಿ ಯಾರೂ ಫೋನ್ ಎತ್ತದಿದ್ದರೆ, ಶಾಖೆಯ ಮ್ಯಾನೇಜರರ ನಂಬರ್ ಗೊತ್ತಿರುವವರನ್ನು ಹಿಡಿಯುವುದೇ ದಾರಿ. ಊರಿನ ಬ್ಯಾಂಕಿನಲ್ಲಿ ಇದು ಕಷ್ಟವಲ್ಲ, ಸಂಕೋಚ ಬೇಡ.

ನಮ್ಮ ರೈತರಿಗೆ 6.08ಕ್ಕೆ ಒಂದು ಕೆಟ್ಟ ಸುದ್ದಿ ಸಿಗುತ್ತದೆ: 5.31ಕ್ಕೆ ಒಂದು ಅಂಗಡಿಯಲ್ಲಿ ಕಾರ್ಡ್ ತಾಗಿಸಿ 4,800 ರೂಪಾಯಿ ಹೋಗಿದೆ. ಫೋನಿಲ್ಲ ಎಂದು ಅವರಿಗೆ ತಿಳಿಯುವ 9 ನಿಮಿಷ ಮೊದಲೇ. ಉಳಿದ 1,79,200 ಖಾತೆಯಲ್ಲೇ ಇದೆ, ಫ್ರೀಜ್ ಬಿದ್ದಿದೆ.

ಹಂತ 4: ಹಣ ಹೋಗಿದ್ದರೆ 1930 (6.08 ರಿಂದ 6.20)

ಒಂದು ರೂಪಾಯಿಯೂ ಹೋಗಿಲ್ಲವಾದರೆ ಈ ಹಂತ ಬಿಟ್ಟು ಐದಕ್ಕೆ ಹೋಗಿ. ಹೋಗಿದ್ದರೆ, ಬೇರೆಲ್ಲಕ್ಕಿಂತ ಮೊದಲು 1930. ಇದು ದೇಶಕ್ಕೆಲ್ಲ ಒಂದೇ ಆದ ಸೈಬರ್ ವಂಚನೆಯ ಸಹಾಯವಾಣಿ. ವಂಚಕನ ಖಾತೆಗೆ ಹೋದ ಹಣ ಅಲ್ಲಿಂದ ಎರಡನೇ, ಮೂರನೇ ಖಾತೆಗೆ ಜಿಗಿಯುತ್ತದೆ. ಎಟಿಎಂನಿಂದ ನೋಟಾಗಿ ಹೊರಬೀಳುವ ಮೊದಲು ಆ ಖಾತೆಗಳಲ್ಲಿ ಹಣವನ್ನು ತಡೆಹಿಡಿಸುವುದು ಇದರ ಕೆಲಸ. ಬೇಗ ಮಾಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಅವರು ಕೇಳುವುದು: ನಿಮ್ಮ ಬ್ಯಾಂಕು, ಖಾತೆ ಸಂಖ್ಯೆ, ಹೋದ ಮೊತ್ತ, ದಿನಾಂಕ-ಸಮಯ, ಮತ್ತು ವ್ಯವಹಾರದ 12 ಅಂಕಿಯ ರೆಫರೆನ್ಸ್ ಸಂಖ್ಯೆ. ಈ ಕೊನೆಯದಿಲ್ಲದೆ ಕರೆ ಮಾಡಿದವರು ಅರ್ಧದಲ್ಲಿ ನಿಲ್ಲುತ್ತಾರೆ. ಬ್ಯಾಂಕಿನವರು ವ್ಯವಹಾರ ಓದುವಾಗಲೇ ಆ ಸಂಖ್ಯೆಯನ್ನೂ ಕೇಳಿ ಬರೆದುಕೊಂಡಿರಬೇಕು. ಸಂಪರ್ಕಕ್ಕೆ ನಂಬರ್ ಕೇಳಿದಾಗ ಅಭ್ಯಾಸಬಲದಿಂದ ಕಳೆದ ನಂಬರನ್ನೇ ಹೇಳುವವರು ತುಂಬ. ಮನೆಯವರ ನಂಬರ್ ಕೊಡಿ, ಸ್ವೀಕೃತಿ ಸಂಖ್ಯೆ ಬರುವುದು ಅಲ್ಲಿಗೆ. 24 ತಾಸಿನೊಳಗೆ cybercrime.gov.in ನಲ್ಲಿ ಅದೇ ಸಂಖ್ಯೆ ಬಳಸಿ ಪೂರ್ತಿ ದೂರು ದಾಖಲಿಸಬೇಕು.

ಯುಪಿಐನಲ್ಲಿ ಖಾತೆಯಿಂದ ಖಾತೆಗೆ ಹೋದ ಹಣ ತಡೆಹಿಡಿಯಲು ಸಿಗುವ ಸಾಧ್ಯತೆ ಹೆಚ್ಚು. ಅಂಗಡಿಯಲ್ಲಿ ಕಾರ್ಡ್ ತಾಗಿಸಿ ಸಾಮಾನು ಒಯ್ದಿದ್ದರೆ ಅಷ್ಟು ಸುಲಭವಲ್ಲ. ಆ 4,800ಕ್ಕೆ ಬೇರೆ ದಾರಿ ಮರುದಿನದ ಬ್ಯಾಂಕಿನ ಅರ್ಜಿ. ಆದರೂ 1930ರಲ್ಲಿ ದಾಖಲಿಸಿ, ಅಂಗಡಿ ಯಾವುದು, ಕ್ಯಾಮೆರಾ ಇದೆಯೇ ಎಂಬುದು ಪೊಲೀಸರಿಗೆ ಬೇಕಾಗುತ್ತದೆ.

ಹಂತ 5: ಯುಪಿಐ ಆ್ಯಪ್‌ಗಳು (6.20 ರಿಂದ 6.32)

ಬ್ಯಾಂಕು ಯುಪಿಐ ಬಂದ್ ಮಾಡಿದ ಮೇಲೂ ಇದು ಯಾಕೆಂದರೆ, ಆ್ಯಪ್‌ನೊಳಗೆ ಬೇರೆ ಹಣ ಇರಬಹುದು. ಯುಪಿಐ ಲೈಟ್‌ನಲ್ಲಿ 5,000 ರೂಪಾಯಿವರೆಗೆ ಇಟ್ಟುಕೊಳ್ಳಬಹುದು, ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಕೊಡಬಹುದು. ಲಾಕ್ ತೆಗೆದಿದ್ದಾಗಲೇ ಫೋನು ಕಸಿದುಕೊಂಡಿದ್ದರೆ ಈ ಹಣ ಮೊದಲು ಹೋಗುತ್ತದೆ. ವ್ಯಾಲೆಟ್ಟಿನ ಹಣವೂ ಬ್ಯಾಂಕಿನ ಹಿಡಿತದಲ್ಲಿಲ್ಲ.

ಫೋನ್‌ಪೆ: 080-68727374. ಗೂಗಲ್ ಪೇ: 1800-419-0157. ಪೇಟಿಎಂ: 0120-4456456. ಫೋನು ಕಳೆದಿದೆ, ನನ್ನ ನಂಬರಿನ ಖಾತೆ ಬಂದ್ ಮಾಡಿ ಎಂದರೆ ಸಾಕು. ನಾಲ್ಕು ಆ್ಯಪ್ ಇದ್ದರೆ ದಿನವೂ ಬಳಸುವುದರಿಂದ ಶುರು ಮಾಡಿ.

ಹಂತ 6: ಪೊಲೀಸ್ ದೂರು (6.32 ರಿಂದ ಮುಂದೆ)

ಈಗ ಠಾಣೆಗೆ ಹೋಗಿ. ಬಿದ್ದು ಹೋಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಆನ್‌ಲೈನ್ ವರದಿ ಕೊಡಬಹುದು. ಕಸಿದುಕೊಂಡಿದ್ದರೆ, ಜೇಬು ಕತ್ತರಿಸಿದ್ದರೆ ಅದನ್ನು 'ಕಳೆದಿದೆ' ಎಂದು ಬರೆಯಬೇಡಿ, ಕಳವು ಎಂದೇ ಬರೆಸಿ. ಹಣವೂ ಹೋಗಿದ್ದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆ ಸರಿಯಾದ ಜಾಗ. ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರೇಟಿಗೆ ಬೇರೆ, ಗದಗ, ಹಾವೇರಿ ಜಿಲ್ಲೆಗಳಿಗೆ ಬೇರೆ ಬೇರೆ ಇವೆ. ಅದು ದೂರವಾದರೆ ಹತ್ತಿರದ ಠಾಣೆಯಲ್ಲೇ ಕೊಡಿ.

ಫೋನನ್ನೇ ದೇಶದ ಎಲ್ಲ ನೆಟ್‌ವರ್ಕಿನಲ್ಲಿ ನಿರುಪಯುಕ್ತ ಮಾಡುವ ಸೌಲಭ್ಯ ceir.gov.in ನಲ್ಲಿದೆ, 2023ರ ಮೇ ತಿಂಗಳಿಂದ ದೇಶದೆಲ್ಲೆಡೆ. ಅದಕ್ಕೆ ಪೊಲೀಸ್ ದೂರಿನ ಪ್ರತಿ ಮತ್ತು ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ ಬೇಕು. ಫೋನಿನ ಡಬ್ಬಿಯ ಮೇಲೆ, ಬಿಲ್ಲಿನಲ್ಲಿ ಇರುತ್ತದೆ. ಇದರಿಂದ ಫೋನು ಸಿಗುವ ಸಾಧ್ಯತೆ ಇದೆ, ಆದರೆ ಹಣ ಉಳಿಯುವುದಿಲ್ಲ. ಹಾಗಾಗಿ ಮೊದಲ ತಾಸಿನಲ್ಲಿ ಐಎಂಇಐ ಹುಡುಕುತ್ತ ಕೂರಬೇಡಿ. ಒಂದೆರಡು ದಿನದಲ್ಲಿ "ನಿಮ್ಮ ಫೋನು ಸಿಕ್ಕಿದೆ, ಈ ಲಿಂಕ್ ಒತ್ತಿ" ಎಂಬ ಎಸ್ಸೆಮ್ಮೆಸ್ ಮನೆಯವರ ನಂಬರಿಗೆ ಬಂದರೆ ಅದು ನಿಮ್ಮ ಲಾಕ್ ಅಥವಾ ಪಾಸ್‌ವರ್ಡ್ ಕದಿಯುವ ಗಾಳ.

ಇದೇ ಹೊತ್ತಿನಲ್ಲಿ ಮನೆಯವರಿಗೂ ನಾಲ್ಕು ಮಂದಿ ಹತ್ತಿರದವರಿಗೂ ಹೇಳಿಬಿಡಿ: ನನ್ನ ನಂಬರಿನಿಂದ ವಾಟ್ಸ್ಆ್ಯಪ್‌ನಲ್ಲಿ ಹಣ ಕೇಳಿದರೆ ಕಳಿಸಬೇಡಿ.

ಬರೀ ಕಾರ್ಡು ಕಳೆದಿದ್ದರೆ

ಫೋನು ಕೈಯಲ್ಲೇ ಇದ್ದರೆ ಎರಡು ನಿಮಿಷದ ಕೆಲಸ. ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ವಿಭಾಗಕ್ಕೆ ಹೋಗಿ. ಮನೆಯಲ್ಲೋ ಅಂಗಿಯಲ್ಲೋ ಇರಬಹುದೆಂಬ ಅನುಮಾನವಿದ್ದರೆ ತಾತ್ಕಾಲಿಕವಾಗಿ ಆಫ್ ಮಾಡಿ ಹುಡುಕಿ. ಸಿಗದಿದ್ದರೆ ರಾತ್ರಿಯೊಳಗೆ ಕಾಯಂ ಬ್ಲಾಕ್ ಮಾಡಿ. ಕಾಯಂ ಬ್ಲಾಕ್ ಆದ ಕಾರ್ಡು ಆಮೇಲೆ ಸಿಕ್ಕರೂ ಚಾಲೂ ಆಗುವುದಿಲ್ಲ, ಹೊಸದಕ್ಕೆ ಅರ್ಜಿ ಕೊಡಬೇಕು.

ಎಟಿಎಂ ಯಂತ್ರ ಕಾರ್ಡನ್ನು ಒಳಗೇ ಹಿಡಿದುಕೊಂಡಿದ್ದರೆ, ಹಿಂದೆ ನಿಂತವರು ಬಂದು "ಪಿನ್ ಇನ್ನೊಮ್ಮೆ ಒತ್ರಿ, ಬರ್ತೈತಿ" ಎಂದರೆ ಒತ್ತಬೇಡಿ. ಅಲ್ಲೇ ನಿಂತು ಬ್ಲಾಕ್ ಮಾಡಿ, ಆಮೇಲೆ ಹೊರಗೆ ಬನ್ನಿ.

ಮರುದಿನ ಬೆಳಿಗ್ಗೆ: ಶಾಖೆಗೆ ಲಿಖಿತ ಅರ್ಜಿ, ಆಮೇಲೆ ಸಿಮ್

ರಾತ್ರಿ ಫೋನಿನಲ್ಲಿ ಹೇಳಿದ್ದೇನೆ, ಸಾಕು ಎಂದು ಬಿಡಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನೀವು ಬ್ಯಾಂಕಿಗೆ ತಿಳಿಸಿದ ನಂತರ ಹೋದ ಹಣದ ಹೊಣೆ ಬ್ಯಾಂಕಿನದು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹೋದ ಹಣದ ಬಗ್ಗೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿವರೆಗಿನ ನಷ್ಟ ನಿಮ್ಮ ಮೇಲೆ ಬೀಳಬಹುದು. ಪಿನ್ ಅಥವಾ ಒಟಿಪಿಯನ್ನು ನೀವೇ ಯಾರಿಗಾದರೂ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದೇ. ಇದಕ್ಕೇ ಕಾರ್ಡಿನ ಹಿಂದೆ ಪಿನ್ ಬರೆದಿಡುವುದು ಎರಡು ಪಟ್ಟು ಅಪಾಯ.

ಅರ್ಜಿಯಲ್ಲಿ ಕಥೆ ಬೇಡ. ಎಷ್ಟು ಹೊತ್ತಿಗೆ ಕಳೆದದ್ದು ತಿಳಿಯಿತು, ಎಷ್ಟು ಹೊತ್ತಿಗೆ ಸಹಾಯವಾಣಿಗೆ ಹೇಳಿದಿರಿ, ದೂರು ಸಂಖ್ಯೆ, ನೀವು ಮಾಡದ ವ್ಯವಹಾರದ ಸಮಯ ಮತ್ತು ಮೊತ್ತ, ಪಿನ್ ಯಾರಿಗೂ ಹೇಳಿಲ್ಲ ಎಂಬ ಮಾತು, 1930ರ ಸ್ವೀಕೃತಿ ಸಂಖ್ಯೆ. ನಮ್ಮ ರೈತರ ಅರ್ಜಿಯಲ್ಲಿ 5.31, 5.40, 5.55 ಈ ಮೂರು ಸಮಯ ಬಿದ್ದರೆ ಅರ್ಧ ವಾದ ಮುಗಿದಂತೆ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಶಾಖೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸೀಲು ಇಲ್ಲದ ಪ್ರತಿಗೆ ಮುಂದೆ ಬೆಲೆಯಿಲ್ಲ. ತಿಳಿಸಿದ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನದೊಳಗೆ ದೂರನ್ನು ಇತ್ಯರ್ಥ ಮಾಡಬೇಕು. 30 ದಿನವಾದರೂ ಉತ್ತರ ಬರದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448.

ಅದೇ ನಂಬರಿನ ಹೊಸ ಸಿಮ್‌ಗೆ ಆಧಾರ್ ಹಿಡಿದು ಕಂಪನಿಯ ಅಧಿಕೃತ ಅಂಗಡಿಗೆ ಹೋಗಿ. ಸಿಮ್ ಚಾಲೂ ಆಗಿ ಕರೆ ಬರತೊಡಗಿದರೂ ಮೊದಲ 24 ತಾಸು ಎಸ್ಸೆಮ್ಮೆಸ್ ಬರುವುದಿಲ್ಲ, ಹೋಗುವುದೂ ಇಲ್ಲ. ನಕಲಿ ಸಿಮ್ ಪಡೆದು ವಂಚಿಸುವವರನ್ನು ತಡೆಯಲು ದೂರಸಂಪರ್ಕ ಇಲಾಖೆ ಇಟ್ಟ ನಿಯಮ ಅದು. ಇದು ತಿಳಿಯದೆ ಒಟಿಪಿ ಬರಲಿಲ್ಲ ಎಂದು ಆ್ಯಪ್ ಹಾಕಿ ತೆಗೆದು, ಮತ್ತೆ ಮತ್ತೆ ಪ್ರಯತ್ನಿಸಿ ಖಾತೆಯನ್ನೇ ಲಾಕ್ ಮಾಡಿಕೊಳ್ಳುವವರಿದ್ದಾರೆ. ಆ ಒಂದು ದಿನದ ಖರ್ಚಿಗೆ ಶಾಖೆಯಲ್ಲೇ ಹಣ ತೆಗೆಯಿರಿ. ಫ್ರೀಜ್ ಇದ್ದರೆ ಅದನ್ನು ತೆಗೆಸಿ, ಚೆಕ್ ಅಥವಾ ವಿತ್‌ಡ್ರಾವಲ್ ಚೀಟಿಯಲ್ಲಿ. ಹೊಸ ಫೋನಿನಲ್ಲಿ ಯುಪಿಐ ಮತ್ತೆ ಹಾಕಿದ ಮೇಲೆ ಮೊದಲ 24 ತಾಸು ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ. ಬೀಜ-ಗೊಬ್ಬರದ ಅಂಗಡಿಗೆ ದೊಡ್ಡ ಮೊತ್ತ ಕೊಡುವುದಿದ್ದರೆ ಒಂದು ದಿನ ಮುಂದಕ್ಕೆ ಹಾಕಿಕೊಳ್ಳಿ, ಅಥವಾ ಚೆಕ್ ಕೊಡಿ.